ಹಳೆಯ ಲೆಕ್ಕ ಅಳಿಸದೆ ಹೊಸ ಬಿಂದು

ಧೂಮಕೇತುವಿನ ಬೆನ್ನು ಹತ್ತಿದವರು ಮೋಡದ ಮರ್ಜಿಯಲ್ಲಿರಬೇಕು. ಒಂದು ರಾತ್ರಿ ಕಂಡದ್ದು ಮುಂದಿನ ಮೂರು ರಾತ್ರಿ ಕಾಣದೇ ಹೋಗಬಹುದು. ಆಮೇಲೆ ಎರಡು ದಿನ ಸತತವಾಗಿ ಕಾಣಬಹುದು. ಹೀಗೆ ಅಡ್ಡಾದಿಡ್ಡಿ ಅಂತರದಲ್ಲಿ ಸಿಕ್ಕ ಕೆಲವೇ ಸ್ಥಾನಗಳಿಂದ, ನೋಡಲಾಗದ ರಾತ್ರಿಯಲ್ಲಿ ಅದು ಎಲ್ಲಿತ್ತೆಂದು ಹೇಳುವುದು ಹೇಗೆ? 1687ರಲ್ಲಿ ಪ್ರಕಟವಾದ ಐಸಾಕ್ ನ್ಯೂಟನ್‌ನ ‘ಪ್ರಿನ್ಸಿಪಿಯಾ’ದ ಮೂರನೆಯ ಸಂಪುಟದಲ್ಲಿ, ಧೂಮಕೇತುಗಳ ಚರ್ಚೆಯ ನಡುವೆ, ಇದಕ್ಕೆಂದೇ ಎರಡು ಉಪಪ್ರಮೇಯಗಳಿವೆ. ಐದನೆಯದು, ಎಷ್ಟೇ ಬಿಂದುಗಳಿದ್ದರೂ ಎಲ್ಲವನ್ನೂ ಹಾದುಹೋಗುವ ವಕ್ರರೇಖೆಯನ್ನು ಎಳೆಯುವ ಬಗೆಯನ್ನು ತಿಳಿಸುತ್ತದೆ. ಆರನೆಯದು ಅದನ್ನೇ ಧೂಮಕೇತುವಿಗೆ ಅನ್ವಯಿಸುತ್ತದೆ.

ಗೊತ್ತಿರುವ ಬೆಲೆಗಳ ನಡುವಿನ ಬೆಲೆಯನ್ನು ಅಂದಾಜಿಸುವ ಈ ಕೆಲಸ ನ್ಯೂಟನ್‌ಗಿಂತ ಬಹಳ ಹಳೆಯದು. ಏಳನೆಯ ಶತಮಾನದಲ್ಲಿ ಬ್ರಹ್ಮಗುಪ್ತ ಜ್ಯಾ ಕೋಷ್ಟಕಕ್ಕಾಗಿ ವ್ಯತ್ಯಾಸಗಳ ವ್ಯತ್ಯಾಸವನ್ನೂ ಬಳಸುವ ಸೂತ್ರ ಕೊಟ್ಟಿದ್ದ. ಆದರೆ ಆ ಕೋಷ್ಟಕದ ಹೆಜ್ಜೆಗಳು ಸಮಾನವಾಗಿದ್ದವು. ಹೆಜ್ಜೆ ಏರುಪೇರಾದಾಗ ಬರೀ ವ್ಯತ್ಯಾಸ ಸಾಲದು, ಅದನ್ನು ಆಯಾ ಅಂತರದಿಂದ ಭಾಗಿಸಬೇಕು. ಹಾಗೆ ಭಾಗಿಸಿ ಬಂದದ್ದೇ ‘ಭಾಗಿಸಿದ ವ್ಯತ್ಯಾಸ’. ಡಿಗ್ರಿ ತರಗತಿಗಳಲ್ಲಿ ‘ಡಿವೈಡೆಡ್ ಡಿಫರೆನ್ಸ್’ ಎಂದು ಕಲಿಸುವುದು ಇದನ್ನೇ.

ಕೈಲೆಕ್ಕದಲ್ಲಿ ನೋಡಿದರೆ ಇದರ ನಡೆ ಚೆನ್ನಾಗಿ ತಿಳಿಯುತ್ತದೆ. ಐದರ ವರ್ಗಮೂಲ ಬೇಕು ಎಂದುಕೊಳ್ಳೋಣ. ಗೊತ್ತಿರುವುದು ಮೂರು ಬಿಂದುಗಳು ಮಾತ್ರ: 1ರ ವರ್ಗಮೂಲ 1, 4ರದ್ದು 2, 9ರದ್ದು 3. ಮೊದಲ ಜೋಡಿಯಲ್ಲಿ ವರ್ಗಮೂಲ 1 ಏರಲು ಸಂಖ್ಯೆ 3 ಏರಬೇಕಾಯಿತು, ಅಂದರೆ ಭಾಗಿಸಿದ ವ್ಯತ್ಯಾಸ 1/3. ಎರಡನೆಯ ಜೋಡಿಯಲ್ಲಿ 1 ಏರಲು 5 ಬೇಕಾಯಿತು; ಅದು 1/5. ಏರಿಕೆಯ ದರ ಕುಗ್ಗುತ್ತಿದೆ. ಎಷ್ಟು ಕುಗ್ಗಿತು ಎಂದು ತಿಳಿಯಲು 1/5ರಿಂದ 1/3 ಕಳೆದು, ಮೊದಲ ಮತ್ತು ಕೊನೆಯ ಬಿಂದುಗಳ ಅಂತರವಾದ 8ರಿಂದ ಭಾಗಿಸಬೇಕು. ಬರುವುದು −1/60. ಇಷ್ಟಾದರೆ ಬಹುಪದೋಕ್ತಿ ಕೈಯಲ್ಲಿದ್ದಂತೆಯೇ:

```
P(x) = 1 + (x−1)/3 − (x−1)(x−4)/60
```

ಇದರ ಕಟ್ಟಡವನ್ನು ತುಸು ನಿಧಾನವಾಗಿ ನೋಡಬೇಕು. ಮೊದಲ ಪದ 1 ಎಂಬುದು ಮೊದಲ ಬಿಂದುವಿಗೆ ಸರಿಹೊಂದುತ್ತದೆ. ಎರಡನೆಯ ಪದದಲ್ಲಿ (x−1) ಇರುವುದರಿಂದ ಮೊದಲ ಬಿಂದುವಿನಲ್ಲಿ ಅದು ಸೊನ್ನೆ. ಅಲ್ಲಿನ ಹೊಂದಾಣಿಕೆಯನ್ನು ಕೆಡಿಸದೆಯೇ ಎರಡನೆಯ ಬಿಂದುವನ್ನು ಸೇರಿಸಿಕೊಂಡಿದೆ. ಮೂರನೆಯ ಪದ ಮೊದಲ ಎರಡೂ ಬಿಂದುಗಳಲ್ಲಿ ಸೊನ್ನೆ. ಪ್ರತಿ ಹೊಸ ಪದವೂ ತನಗಿಂತ ಮೊದಲು ಬಂದವರ ಜಾಗದಲ್ಲಿ ಮಾಯವಾಗುತ್ತದೆ. ಈ ವಿಧಾನದ ಜೀವಾಳ ಇಷ್ಟೇ.

x ಜಾಗದಲ್ಲಿ 5 ಹಾಕಿದರೆ 2.2667 ಸಿಗುತ್ತದೆ. ನಿಜವಾದ ಬೆಲೆ 2.2361. ಮೂರೇ ಬಿಂದುಗಳಿಗೆ ಇದು ಪರವಾಗಿಲ್ಲ, ಆದರೆ ಇನ್ನೂ ಹತ್ತಿರ ಹೋಗಬಹುದು.

ಈಗ ನಾಲ್ಕನೆಯ ಬಿಂದುವೊಂದು ಸಿಕ್ಕಿತು: 6.25ರ ವರ್ಗಮೂಲ 2.5. ಇದು 4 ಮತ್ತು 9ರ ನಡುವೆ ಕೂರುವ ಸಂಖ್ಯೆಯಾದರೂ ಪಟ್ಟಿಯನ್ನು ಏರಿಕೆಯ ಕ್ರಮದಲ್ಲಿ ಮತ್ತೆ ಬರೆಯಬೇಕಿಲ್ಲ. ಬಿಂದುಗಳು ಯಾವ ಕ್ರಮದಲ್ಲಿ ಬಂದರೂ ಕೊನೆಗೆ ಸಿಗುವ ಬಹುಪದೋಕ್ತಿ ಒಂದೇ. ಹೊಸಬರನ್ನು ಪಟ್ಟಿಯ ಕೆಳಗೆ ಸೇರಿಸಿದರೆ ಸಾಕು. ಮೊದಲು 9 ಮತ್ತು 6.25ರ ಜೋಡಿ: 0.5ನ್ನು 2.75ರಿಂದ ಭಾಗಿಸಿದರೆ 0.18182. ಇದರಿಂದ ಹಿಂದಿನ 1/5 ಕಳೆದು, 6.25 ಮತ್ತು 4ರ ಅಂತರ 2.25ರಿಂದ ಭಾಗಿಸಿದರೆ −0.00808. ಇದರಿಂದ ಹಿಂದಿನ −1/60 ಕಳೆದು, 6.25 ಮತ್ತು 1ರ ಅಂತರ 5.25ರಿಂದ ಭಾಗಿಸಿದರೆ 0.001635. ಮೂರು ಭಾಗಾಕಾರಕ್ಕೆ ಕೆಲಸ ಮುಗಿಯಿತು. ಹಳೆಯ ಸಾಲಿನ ಒಂದು ಅಂಕಿಯನ್ನೂ ತಿದ್ದದೆ, ಅದರ ಬಾಲಕ್ಕೆ ಈ ಪದವನ್ನು ಜೋಡಿಸಬೇಕು:

```
+ 0.001635 (x−1)(x−4)(x−9)
```

x = 5 ಆದಾಗ ಇದರ ಬೆಲೆ −0.0262. ಹಳೆಯ ಉತ್ತರಕ್ಕೆ ಕೂಡಿಸಿದರೆ 2.2405. ತಪ್ಪು 0.0306ರಿಂದ 0.0044ಕ್ಕೆ ಇಳಿಯಿತು.

ಪಠ್ಯಪುಸ್ತಕದಲ್ಲಿ ಇದರ ಪಕ್ಕದಲ್ಲೇ ಇರುವ ಲಗ್ರಾಂಜ್ ಸೂತ್ರವೂ ಇದೇ ಬಹುಪದೋಕ್ತಿಯನ್ನು ಕೊಡುತ್ತದೆ. ಆದರೆ ಅಲ್ಲಿ ಪ್ರತಿ ಬಿಂದುವಿನ ಪದದೊಳಗೂ ಉಳಿದೆಲ್ಲ ಬಿಂದುಗಳು ಸೇರಿಕೊಂಡಿರುತ್ತವೆ. ಸೂತ್ರವನ್ನು ಪುಸ್ತಕದಲ್ಲಿರುವಂತೆಯೇ ಬಳಸಿದರೆ, ಒಬ್ಬ ಹೊಸಬ ಬಂದಾಗ ಎಲ್ಲ ಪದಗಳನ್ನೂ ತಿದ್ದಬೇಕು. ನ್ಯೂಟನ್ ದಾರಿಯಲ್ಲಿ ನೂರು ಬಿಂದುಗಳ ಲೆಕ್ಕ ಸಿದ್ಧವಿದ್ದಾಗ ನೂರೊಂದನೆಯದು ಬಂದರೆ ನೂರು ಭಾಗಾಕಾರ ಸಾಕು. ಇಡೀ ಕೋಷ್ಟಕವನ್ನು ಮೊದಲಿನಿಂದ ಕಟ್ಟಲು 5,050 ಬೇಕಾಗುತ್ತದೆ. ಕೋಷ್ಟಕವನ್ನು ಪೂರ್ತಿ ಉಳಿಸಿಕೊಳ್ಳಬೇಕಾಗಿಯೂ ಇಲ್ಲ: ನಾಲ್ಕನೆಯ ಬಿಂದುವಿಗೆ ಬೇಕಾದದ್ದು ಹಿಂದಿನ ಸುತ್ತಿನ ಕೊನೆಯ ಬೆಲೆಗಳಾದ 3, 1/5 ಮತ್ತು −1/60 ಮಾತ್ರ.

ಕೆಲಸ ಉಳಿಯುವುದು ಒಂದು ಲಾಭವಾದರೆ, ಇನ್ನೊಂದು ಲಾಭ ಅದಕ್ಕಿಂತ ಅಮೂಲ್ಯವಾದದ್ದು. ಮೂರು ಬಿಂದುಗಳ ಉತ್ತರದಲ್ಲಿದ್ದ ತಪ್ಪು 0.0306. ನಾಲ್ಕನೆಯ ಬಿಂದು ತಂದ ತಿದ್ದುಪಡಿಯ ಗಾತ್ರ 0.0262. ಎರಡೂ ಹತ್ತಿರ ಹತ್ತಿರ ಇರುವುದು ಆಕಸ್ಮಿಕವಲ್ಲ. ಹಳೆಯ ಬಹುಪದೋಕ್ತಿಯ ತಪ್ಪನ್ನು ಬರೆಯುವ ಸೂತ್ರಕ್ಕೂ ಹೊಸ ಪದಕ್ಕೂ ರೂಪ ಒಂದೇ. ಸಹಗುಣಕವಷ್ಟೇ ತುಸು ಬೇರೆ. ಹಾಗಾಗಿ ನಿಜವಾದ ಉತ್ತರ ಗೊತ್ತಿಲ್ಲದವರಿಗೂ, ಹೊಸ ಪದವನ್ನು ನೋಡಿ ಹಿಂದಿನ ಉತ್ತರ ಎಷ್ಟು ಸರಿಯಿತ್ತೆಂದು ಅಂದಾಜಿಸಲು ಬರುತ್ತದೆ. ಪದಗಳು ಬರಬರುತ್ತಾ ಸಣ್ಣದಾದರೆ ಒಂದು ಹಂತದಲ್ಲಿ ನಿಲ್ಲಿಸಬಹುದು.

ಈ ವಿಧಾನ ಕೈಕೊಡುವುದು ಬಿಂದುಗಳು ತೀರಾ ಒತ್ತೊತ್ತಾಗಿ ಇದ್ದಾಗ. 4, 4.01, 4.02, 4.03ರ ವರ್ಗಮೂಲಗಳನ್ನು ಎರಡು ದಶಮಾಂಶಕ್ಕೆ ಬರೆದರೆ 2.00, 2.00, 2.00, 2.01 ಆಗುತ್ತವೆ. ಮೊದಲ ವ್ಯತ್ಯಾಸಗಳು 0, 0, 1 ಎಂದು ಬರುತ್ತವೆ; ನಿಜದಲ್ಲಿ ಮೂರೂ 0.25ರ ಆಸುಪಾಸಿನಲ್ಲಿರಬೇಕಿತ್ತು. ಮುಂದಿನ ಹಂತದಲ್ಲಿ ಕೊನೆಯದನ್ನು 0.02ರಿಂದ ಭಾಗಿಸಿದರೆ 50 ಬರುತ್ತದೆ. ಇರಬೇಕಾದದ್ದು ಸುಮಾರು −0.016. ಅಳತೆಯಲ್ಲಿನ ಅರ್ಧ ಪೈಸೆಯಷ್ಟು ಏರುಪೇರು ಪ್ರತಿ ಭಾಗಾಕಾರದಲ್ಲೂ ಉಬ್ಬುತ್ತಾ ಹೋಗುತ್ತದೆ. ಮೇಲಿನ ಹಂತದ ವ್ಯತ್ಯಾಸಗಳು ಹೀಗೆ ಚಿಹ್ನೆ ಬದಲಿಸುತ್ತಾ ದಿಢೀರನೆ ಬೆಳೆದರೆ, ಅಲ್ಲಿ ಕಾಣುತ್ತಿರುವುದು ವಕ್ರರೇಖೆಯ ಗುಣವಲ್ಲ, ದಶಮಾಂಶ ಕತ್ತರಿಸಿದ್ದರ ಫಲ. ಅಂಥ ಕಡೆ ಹೆಚ್ಚು ಅಂಕಿಗಳ ಅಳತೆ ಬೇಕು, ಇಲ್ಲವೇ ದೂರದೂರದ ಬಿಂದುಗಳು ಬೇಕು.

ಇನ್ನೊಂದು ಅಪಾಯ ಬಿಂದುಗಳ ಹರವಿನಿಂದ ಹೊರಗೆ ಹೋಗುವುದು. ಮೇಲಿನ ಬಹುಪದೋಕ್ತಿಯನ್ನೇ 25ರ ವರ್ಗಮೂಲ ಕೇಳಿದರೆ ಮೂರು ಬಿಂದುಗಳ ರೂಪ 0.6 ಎನ್ನುತ್ತದೆ, ನಾಲ್ಕು ಬಿಂದುಗಳದ್ದು 13.8 ಎನ್ನುತ್ತದೆ. ಸರಿಯುತ್ತರ 5. 1ರಿಂದ 9ರವರೆಗಿನ ಬಿಂದುಗಳಿಗೆ 25ರ ಕಡೆ ನಡೆಯುವುದೇನೂ ತಿಳಿಯದು. (x−1)(x−4)(x−9) ಎಂಬ ಗುಣಲಬ್ಧ ಮಾತ್ರ ಅಲ್ಲಿ 8,064ಕ್ಕೆ ಬೆಳೆದಿರುತ್ತದೆ. ಆದರೂ ಎಚ್ಚರಿಕೆ ಲೆಕ್ಕದಲ್ಲೇ ಇದೆ: ಅಲ್ಲಿಯವರೆಗಿನ ಉತ್ತರ 0.6 ಆಗಿದ್ದಾಗ ಹೊಸ ಪದವೊಂದೇ 13.2 ಇದೆ.