ನಾನೇ ಬರೆದ ಟಿಪ್ಪಣಿಗೆ ಉಲ್ಲೇಖ ಹೇಗೆ?

ಸಮಾಜಶಾಸ್ತ್ರ, ಮಾನವಶಾಸ್ತ್ರ, ಜಾನಪದದಲ್ಲಿ ಪಿಎಚ್.ಡಿ. ಮಾಡುವವರು ಬರೆಯಲು ಕೂತಾಗ ಒಂದು ಕಡೆ ತಡವರಿಸುತ್ತಾರೆ. ಪುಸ್ತಕದ ಮಾತಿಗೆ ಲೇಖಕರ ಹೆಸರು, ವರ್ಷ, ಪುಟ ಹಾಕುವುದು ಗೊತ್ತು. ಊರಲ್ಲಿ ತಾವೇ ಕಣ್ಣಾರೆ ಕಂಡು ರಾತ್ರಿ ಬರೆದಿಟ್ಟದ್ದಕ್ಕೆ ಏನು ಹಾಕಬೇಕು? ಕೆಲವರು ಏನೂ ಹಾಕುವುದಿಲ್ಲ. ಕೆಲವರು ತಮ್ಮ ನೋಟ್‌ಬುಕ್ಕನ್ನೇ ಗ್ರಂಥಋಣಕ್ಕೆ ಸೇರಿಸುತ್ತಾರೆ.

ಗ್ರಂಥಋಣ ಇರುವುದು ಓದುಗರು ಆ ಮೂಲವನ್ನು ತಾವೂ ತೆಗೆದು ನೋಡಲಿ ಎಂದು. ನಿಮ್ಮ ನೋಟ್‌ಬುಕ್ಕು ಯಾವ ಗ್ರಂಥಾಲಯದಲ್ಲೂ ಸಿಗದು. ಆದ್ದರಿಂದ ಅದರ ಜಾಗ ಆ ಪಟ್ಟಿಯಲ್ಲಲ್ಲ, ಪ್ರಬಂಧದ ಒಳಗೆ. ಎಷ್ಟು ಕಾಲ ಎಲ್ಲಿದ್ದಿರಿ, ಟಿಪ್ಪಣಿ ಯಾವಾಗ ಬರೆದಿರಿ, ಯಾವ ಭಾಷೆಯಲ್ಲಿ ಬರೆದಿರಿ ಎಂಬುದನ್ನು ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಒಮ್ಮೆ ಹೇಳಬೇಕು. ಆಮೇಲೆ ಬೇಕಾದಲ್ಲೆಲ್ಲ ಆವರಣದಲ್ಲೋ ಅಡಿಟಿಪ್ಪಣಿಯಲ್ಲೋ ‘ಕ್ಷೇತ್ರ ಟಿಪ್ಪಣಿ’ ಎಂದು ಬರೆದು ತಾರೀಕು ಕೊಟ್ಟರೆ ಸಾಕು.

ಒಬ್ಬ ಸಂಶೋಧಕಿ ವಾರದ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರ ಕೈಸಾಲವನ್ನು ಅಧ್ಯಯನ ಮಾಡುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಸೊಪ್ಪು ಮಾರುವವರೊಬ್ಬರು ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1000 ಹಿಂತಿರುಗಿಸಿದ್ದನ್ನು ಅವಳು ನೋಡಿದ್ದಾಳೆ. ‘ಸಂತೆಯ ಹೆಂಗಸರು ಮೀಟರ್ ಬಡ್ಡಿಯ ಹಿಡಿತದಲ್ಲಿದ್ದಾರೆ (ಕ್ಷೇತ್ರ ಟಿಪ್ಪಣಿ)’ ಎಂದು ಬರೆದರೆ ಅದು ತಪ್ಪು. ಹಿಡಿತವೆಂಬುದು ಅವಳ ತೀರ್ಮಾನ, ಅದು ಟಿಪ್ಪಣಿಯಲ್ಲಿಲ್ಲ. ಕಂಡ ಲೇವಾದೇವಿಯನ್ನು ಕಂಡ ಹಾಗೆ ಬರೆದು, ಅಲ್ಲಿ ‘ಕ್ಷೇತ್ರ ಟಿಪ್ಪಣಿ, 14 ಮಾರ್ಚ್ 2023’ ಎಂದು ಹಾಕಬೇಕು. ತೀರ್ಮಾನ ಅದರ ಮುಂದಿನ ವಾಕ್ಯದಲ್ಲಿ, ಅವಳ ಮಾತಾಗಿಯೇ ಬರಲಿ. ಉಲ್ಲೇಖದ ಕೆಲಸವೇ ಈ ಎರಡರ ನಡುವೆ ಗೆರೆ ಎಳೆಯುವುದು.

ಉದ್ಧರಣ ಚಿಹ್ನೆಗೂ ಇದೇ ಕಟ್ಟುನಿಟ್ಟು. ರೆಕಾರ್ಡ್ ಮಾಡಿದ ಅಥವಾ ನಿಂತಲ್ಲೇ ಗೀಚಿಕೊಂಡ ಮಾತಿಗೆ ಮಾತ್ರ ಅದನ್ನು ಬಳಸಬೇಕು. ರಾತ್ರಿ ನೆನಪಿನಿಂದ ಬರೆದದ್ದಾದರೆ ‘ಹೀಗೆಂದರು’ ಎಂದು ಸಾರ ಹೇಳಿದರಾಯಿತು. ಮೌಖಿಕ ಪರೀಕ್ಷೆಯಲ್ಲಿ ಇದು ಬೇಗ ಬಯಲಾಗುತ್ತದೆ. ಹಳ್ಳಿಯ ಅಜ್ಜಿಯ ಬಾಯಲ್ಲಿ ಪುಸ್ತಕದ ಕನ್ನಡ, ತುಂಡಿಲ್ಲದ ಉದ್ದ ವಾಕ್ಯ ಕಂಡರೆ ಅನುಭವಿ ಪರೀಕ್ಷಕರಿಗೆ ಸಂಶಯ ಬಂದೇ ಬರುತ್ತದೆ.

ಈ ವಿಷಯದಲ್ಲಿ ಎಂ.ಎನ್. ಶ್ರೀನಿವಾಸರನ್ನು ನೆನೆಯಬೇಕು. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ಮಾಡಿ, ಅದಕ್ಕೆ ರಾಂಪುರವೆಂದು ಬೇರೆ ಹೆಸರಿಟ್ಟವರು ಅವರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಗೆ, ಅವರು ವರ್ಷಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸಿಕ್ಕಿದವು. 1976ರಲ್ಲಿ ಬಂದ ಪುಸ್ತಕವನ್ನು ಅವರು ಮುಖ್ಯವಾಗಿ ನೆನಪಿನಿಂದಲೇ ಬರೆದರು. ಅದನ್ನು ಮುಚ್ಚಿಡಲಿಲ್ಲ, ಹೆಸರಿನಲ್ಲೇ ‘ನೆನಪಿನ ಹಳ್ಳಿ’ ಎಂದು ಸಾರಿದರು. ನೆನಪು ಕೂಡ ಆಧಾರವೇ, ನೆನಪೆಂದು ಹೇಳಿದರೆ.

ದಿನಚರಿಯದು ಬೇರೆ ಜಾತಿ. ಟಿಪ್ಪಣಿ ಊರಿನ ಬಗ್ಗೆ, ದಿನಚರಿ ಬರೆಯುವವರ ಮನಸ್ಸಿನ ಬಗ್ಗೆ. ಮಲಿನೋವ್‌ಸ್ಕಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1967ರಲ್ಲಿ ಅವರ ಖಾಸಗಿ ದಿನಚರಿ ಅಚ್ಚಾದಾಗ ಅದರೊಳಗಿನ ಅಸಹನೆ ಕಂಡು ವಿದ್ವಾಂಸರು ಬೆಚ್ಚಿದರು. ಬೇಸರ, ಸಿಟ್ಟನ್ನೆಲ್ಲ ಪ್ರಬಂಧಕ್ಕೆ ತರಬೇಕಿಲ್ಲ. ಆದರೆ ನಮ್ಮ ಸಂಶೋಧಕಿ ಮೊದಲ ದಿನ ಬ್ಯಾಂಕಿನವರ ಜೊತೆ ಸಂತೆಗೆ ಹೋಗಿದ್ದು, ಅದರಿಂದಲೇ ಹೆಂಗಸರು ಸಾಲದ ಮಾತೆತ್ತದೆ ಇದ್ದರೆ, ಆ ದಿನದ ದಿನಚರಿಯ ಸಾಲುಗಳನ್ನು ತಾರೀಕಿನೊಂದಿಗೆ ಕೊಡಲೇಬೇಕು. ಸಿಕ್ಕ ಮಾಹಿತಿಯ ಮೇಲೆ ಅವಳ ನೆರಳು ಬಿದ್ದಿದೆ.

ತಾರೀಕಿನಲ್ಲೂ ಒಂದು ತೊಡಕಿದೆ. 14 ಮಾರ್ಚ್ 2023 ಮಂಗಳವಾರ. ಆ ತಾಲೂಕಿನಲ್ಲಿ ಮಂಗಳವಾರದ ಸಂತೆ ಒಂದೇ ಊರಲ್ಲಿ ಆಗುವುದಾದರೆ, ಊರಿನ ಹೆಸರು ಬದಲಿಸಿಯೂ ಪ್ರಯೋಜನವಿಲ್ಲ. ಸೊಪ್ಪಿನವರು ಯಾರು, ಸಾಲ ಕೊಟ್ಟವನು ಯಾರು ಎಂದು ಅಲ್ಲಿಯವರಿಗೆ ತಿಳಿದುಹೋಗುತ್ತದೆ. ಅಂಥ ಕಡೆ ‘ಮಾರ್ಚ್ 2023’ ಎಂದಷ್ಟೇ ಹಾಕಿ, ಜೊತೆಗೆ ಟಿಪ್ಪಣಿಯ ಸಂಖ್ಯೆ ಕೊಡುವುದು ಕ್ಷೇಮ. ಯಾವ ಸಂಖ್ಯೆ ಯಾವ ದಿನದ್ದು ಎಂಬ ಪಟ್ಟಿ ಸಂಶೋಧಕಿಯ ಹತ್ತಿರ ಬೇರೆಯಾಗಿ ಇರಲಿ.

ನಮ್ಮ ಜಾನಪದ ಪ್ರಬಂಧಗಳ ರೂಢಿ ಇದಕ್ಕೆ ತಿರುಗುಮುರುಗು. ಅಲ್ಲಿ ವಕ್ತೃಗಳ ಹೆಸರು, ವಯಸ್ಸು, ಊರನ್ನು ಅನುಬಂಧದಲ್ಲಿ ಕೊಡುತ್ತಾರೆ. ಹಾಡಿಕೆ ಹಾಡಿದವರ ಸೊತ್ತು, ಅವರು ಒಪ್ಪಿದರೆ ಹೆಸರು ಬರಲೇಬೇಕು. ಸಾಲಗಾರ್ತಿಯ ಹೆಸರು ಹಾಗಲ್ಲ. ಅದೇ ನಮೂನೆಯನ್ನು ಯೋಚಿಸದೆ ಇಲ್ಲಿಗೂ ತಂದು ಆಕೆಯ ವಯಸ್ಸು, ಜಾತಿ, ಬೀದಿಯನ್ನೆಲ್ಲ ಅಚ್ಚು ಹಾಕುವುದು ನನ್ನ ದೃಷ್ಟಿಯಲ್ಲಿ ದ್ರೋಹ.

ಕ್ಷೇತ್ರಕ್ಕೆ ಹೊರಟಿರುವವರು ನೋಟ್‌ಬುಕ್ಕಿನ ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿಕೊಳ್ಳಿ, ಪ್ರತಿ ಟಿಪ್ಪಣಿಯ ತಲೆಯಲ್ಲಿ ಘಟನೆ ನಡೆದ ದಿನವನ್ನೂ ಬರೆದ ದಿನವನ್ನೂ ಬೇರೆ ಬೇರೆಯಾಗಿ ನಮೂದಿಸಿ.