ತೆರೆದ ಬಾವಿ ಹೇಳುವುದು ಒಂದು, ಕೊಳವೆ ಬಾವಿ ಹೇಳುವುದು ಇನ್ನೊಂದು
ಮುಕ್ತ ಮತ್ತು ಬಂಧಿತ ಜಲಸ್ತರಗಳು ಹಾಗೂ ಜಲಮಟ್ಟದ ಅಳತೆಯನ್ನು ಓದುವ ಬಗೆ

(ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ)

ಬಯಲುಸೀಮೆಯ ಒಂದು ಗ್ರಾಮದಲ್ಲಿ ಕೆಲವು ವರ್ಷಗಳ ಹಿಂದೆ ನಾನು ಕರ್ತವ್ಯದಲ್ಲಿದ್ದಾಗ ನಡೆದ ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಆ ಗ್ರಾಮಕ್ಕೆ ಕುಡಿಯುವ ನೀರು ಒದಗಿಸುವ ಕೊಳವೆ ಬಾವಿಯ ಸಮೀಪದಲ್ಲಿಯೇ, ಬಳಕೆಯಲ್ಲಿಲ್ಲದ ಒಂದು ಹಳೆಯ ತೆರೆದ ಬಾವಿ ಇತ್ತು. ಮೇ ತಿಂಗಳಲ್ಲಿ ಕೊಳವೆ ಬಾವಿಯ ನೀರು ನೆಲಮಟ್ಟದಿಂದ 42 ಮೀಟರ್ ಕೆಳಗಿತ್ತು. ನವೆಂಬರ್ ವೇಳೆಗೆ ಅದು 14 ಮೀಟರಿಗೆ ಏರಿತು. 28 ಮೀಟರಿನ ಈ ಏರಿಕೆಯನ್ನು ಕಂಡು, ಆ ಬೇಸಿಗೆಗೆ ನೀರಿನ ತೊಂದರೆಯಿಲ್ಲವೆಂದು ಸಭೆಯಲ್ಲಿ ಎಲ್ಲರೂ ಭಾವಿಸಿದೆವು; ನಾನೂ ಹಾಗೆಯೇ ಭಾವಿಸಿದೆ. ಬೇಸಿಗೆಯ ಕ್ರಿಯಾಯೋಜನೆಯಲ್ಲಿ ಆ ಗ್ರಾಮವನ್ನು ಸೇರಿಸಲಿಲ್ಲ. ಫೆಬ್ರವರಿ ಅಂತ್ಯಕ್ಕೆ ಕೊಳವೆ ಬಾವಿ ಬತ್ತಿ, ಟ್ಯಾಂಕರ್ ಮೂಲಕ ನೀರು ಕೊಡಬೇಕಾಯಿತು.

ಪಕ್ಕದ ತೆರೆದ ಬಾವಿಯ ಅಳತೆಯೂ ನಮ್ಮ ವಹಿಯಲ್ಲಿ ದಾಖಲಾಗಿತ್ತು. ಮೇ ತಿಂಗಳಲ್ಲಿ 8.9 ಮೀಟರ್, ನವೆಂಬರಿನಲ್ಲಿ 8.1 ಮೀಟರ್, ಏರಿಕೆ ಕೇವಲ 80 ಸೆಂಟಿಮೀಟರ್. ಹಿಂದಿನ ಉತ್ತಮ ಮಳೆಯ ವರ್ಷಗಳಲ್ಲಿ ಅದೇ ಬಾವಿ ಸುಮಾರು 4 ಮೀಟರ್ ಏರುತ್ತಿತ್ತು. ಬರಲಿರುವ ಬೇಸಿಗೆಯ ಸ್ಥಿತಿಯನ್ನು ಆ ಬಾವಿ ನವೆಂಬರಿನಲ್ಲಿಯೇ ತಿಳಿಸಿತ್ತು. ಅದನ್ನು ನಾವು ಓದಲಿಲ್ಲ. ಎರಡು ಬಾವಿಗಳು ಇಷ್ಟೊಂದು ಭಿನ್ನವಾದ ಉತ್ತರ ಕೊಟ್ಟದ್ದೇಕೆ ಎಂಬುದನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಎರಡು ಬಗೆಯ ಜಲಸ್ತರ

ನೀರನ್ನು ಹಿಡಿದಿಟ್ಟುಕೊಂಡು ಬಾವಿಗೆ ಬಿಟ್ಟುಕೊಡಬಲ್ಲ ಭೂಪದರವನ್ನು ಜಲಸ್ತರ ಎನ್ನುತ್ತೇವೆ. ನಮ್ಮ ಬಯಲುಸೀಮೆಯ ಬಹುಭಾಗದಲ್ಲಿ ಮೇಲ್ಮಣ್ಣಿನ ಕೆಳಗೆ ಗರಸು ಹಾಗೂ ಶಿಥಿಲಗೊಂಡ ಕಲ್ಲಿನ ಪದರವಿರುತ್ತದೆ. ಅದರ ಕೆಳಗೆ ಗಟ್ಟಿಯಾದ ಗ್ರಾನೈಟ್ ಅಥವಾ ನೈಸ್ ಶಿಲೆಯಿರುತ್ತದೆ. ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಅಲ್ಲಲ್ಲಿರುವ ಬಿರುಕುಗಳಲ್ಲಿ ಮಾತ್ರ.

ಮೇಲಿನ ಶಿಥಿಲ ಪದರದ ನೀರಿಗೆ ಮೇಲೆ ಮುಚ್ಚಳವಿಲ್ಲ. ಮಳೆ ನೀರು ನೇರವಾಗಿ ಇಳಿದು ಅಲ್ಲಿ ಸೇರುತ್ತದೆ, ನೀರಿನ ಮೇಲ್ಮೈ ಸ್ವತಂತ್ರವಾಗಿ ಏರಿಳಿಯುತ್ತದೆ. ಇದು ಮುಕ್ತ ಜಲಸ್ತರ. ಈ ಮೇಲ್ಮೈಯೇ ಜಲಮಟ್ಟ. ತೆರೆದ ಬಾವಿಯಲ್ಲಿ ಕಾಣುವ ನೀರು ಸುತ್ತಲಿನ ನೆಲದೊಳಗಿನ ನೀರಿನ ಮಟ್ಟದಲ್ಲಿಯೇ ನಿಂತಿರುತ್ತದೆ.

ನೀರಿನ ಪದರದ ಮೇಲೆ ನೀರನ್ನು ಸುಲಭವಾಗಿ ಹಾಯಗೊಡದ ಜೇಡಿ ಅಥವಾ ಗಟ್ಟಿ ಕಲ್ಲು ಮುಚ್ಚಿಕೊಂಡಿದ್ದರೆ ಒಳಗಿನ ನೀರು ಒತ್ತಡದಲ್ಲಿರುತ್ತದೆ. ಇದು ಬಂಧಿತ ಜಲಸ್ತರ. ತಮಿಳುನಾಡಿನ ನೈವೇಲಿಯಲ್ಲಿ ಲಿಗ್ನೈಟ್ ಪದರದ ಕೆಳಗೆ ಇಂತಹ ಜಲಸ್ತರವಿದ್ದು, ಅದರ ಒತ್ತಡವನ್ನು ತಗ್ಗಿಸಲು ನೀರನ್ನು ನಿರಂತರವಾಗಿ ಪಂಪ್ ಮಾಡುತ್ತಲೇ ಗಣಿ ಕೆಲಸ ನಡೆಸಬೇಕಾಗಿದೆ. ನಮ್ಮ ಗಟ್ಟಿ ಶಿಲೆಯ ಪ್ರದೇಶದಲ್ಲಿ ಅಷ್ಟು ಪೂರ್ಣವಾಗಿ ಮುಚ್ಚಿದ ಪದರ ಅಪರೂಪ. ಆದರೆ ಆಳದ ಬಿರುಕುಗಳ ನೀರು ಬಹುಮಟ್ಟಿಗೆ ಬಂಧಿತ ನೀರಿನಂತೆಯೇ ವರ್ತಿಸುತ್ತದೆ. ಆದುದರಿಂದ ಅದನ್ನು ಅರೆಬಂಧಿತ ಎನ್ನುವುದು ಸರಿ.

ಇವೆರಡನ್ನು ಗುರುತಿಸುವ ವಿಧಾನ ಸರಳವಾಗಿದೆ. ಕೊಳವೆ ಬಾವಿ ಕೊರೆಯುವಾಗ ಎರಡು ಆಳಗಳನ್ನು ಬರೆದಿಟ್ಟುಕೊಳ್ಳಬೇಕು: ನೀರು ಸಿಕ್ಕ ಆಳ ಮತ್ತು ಕೆಲವು ಗಂಟೆಗಳ ನಂತರ ನೀರು ನಿಂತ ಆಳ. ನೀರು ಸಿಕ್ಕಲ್ಲಿಯೇ ನಿಂತರೆ ಅದು ಮುಕ್ತ ಜಲಸ್ತರ. 230 ಅಡಿಯಲ್ಲಿ ಸಿಕ್ಕ ನೀರು ಮೇಲೇರಿ 50 ಅಡಿಯಲ್ಲಿ ನಿಂತರೆ, ಅದನ್ನು 180 ಅಡಿ ಮೇಲೆತ್ತಿದ್ದು ಒತ್ತಡ. 50 ಅಡಿಯಿಂದ ಕೆಳಗೆ ನೆಲವೆಲ್ಲ ನೀರಿನಿಂದ ತುಂಬಿದೆ ಎಂದು ಅದರ ಅರ್ಥವಲ್ಲ.

ಒಂದು ಮೀಟರ್ ಎಂದರೆ ಎಷ್ಟು ನೀರು?

ಮುಕ್ತ ಜಲಸ್ತರದಲ್ಲಿ ಜಲಮಟ್ಟ ಒಂದು ಮೀಟರ್ ಇಳಿದರೆ, ಆ ಒಂದು ಮೀಟರ್ ದಪ್ಪದ ಪದರದಿಂದ ನೀರು ನಿಜವಾಗಿಯೂ ಬಸಿದು ಹೋಗಿರುತ್ತದೆ. ಹಾಗೆಂದು ಪದರವೆಲ್ಲವೂ ನೀರಲ್ಲ. ಬಹುಪಾಲು ಕಲ್ಲು ಮತ್ತು ಮಣ್ಣು. ಸ್ವಲ್ಪ ನೀರು ಕಣಗಳಿಗೆ ಅಂಟಿಕೊಂಡೇ ಉಳಿಯುತ್ತದೆ. ಅಂತರ್ಜಲ ಅಂದಾಜಿಗಾಗಿ ದೇಶದಲ್ಲಿ ಅನುಸರಿಸುವ ಮಾನದಂಡದಂತೆ, ಶಿಥಿಲಗೊಂಡ ಗ್ರಾನೈಟ್ ಮತ್ತು ನೈಸ್ ಪದರದಲ್ಲಿ ಜೇಡಿ ಹೆಚ್ಚಿದ್ದರೆ ಶೇ. 1ರಿಂದ 2ರಷ್ಟು, ಜೇಡಿ ಕಡಿಮೆಯಿದ್ದರೆ ಶೇ. 2ರಿಂದ 4ರಷ್ಟು ನೀರು ಮಾತ್ರ ಬಸಿದು ಬರುತ್ತದೆ. ನಮ್ಮ ಲೆಕ್ಕಕ್ಕೆ ಶೇ. 2 ಎಂದು ಹಿಡಿಯೋಣ. ಆಗ ಒಂದು ಚದರ ಕಿಲೋಮೀಟರ್ ಪ್ರದೇಶದಲ್ಲಿ ಜಲಮಟ್ಟದ ಒಂದು ಮೀಟರ್ ಎಂದರೆ 20,000 ಘನ ಮೀಟರ್ ನೀರು.

ಬಂಧಿತ ಜಲಸ್ತರದ ರೀತಿ ಬೇರೆ. ಅಲ್ಲಿ ಮಟ್ಟ ಇಳಿದರೂ ಪದರ ಖಾಲಿಯಾಗುವುದಿಲ್ಲ. ಒತ್ತಡ ಮಾತ್ರ ಕುಗ್ಗುತ್ತದೆ. ಒತ್ತಡ ಕುಗ್ಗುವಾಗ ಹೊರಬರುವ ನೀರು ಬಹಳ ಅಲ್ಪ. ಸಾಮಾನ್ಯವಾಗಿ ಬಳಸುವ 0.0001 ಎಂಬ ಗುಣಾಂಕವನ್ನು ಹಿಡಿದರೆ, ಒಂದು ಚದರ ಕಿಲೋಮೀಟರಿನಲ್ಲಿ ಒಂದು ಮೀಟರಿಗೆ 100 ಘನ ಮೀಟರ್ ಮಾತ್ರ. ಮನೆಯ ತೊಟ್ಟಿಗೂ ನಲ್ಲಿಯ ಪೈಪಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ತೊಟ್ಟಿಯಲ್ಲಿ ನೀರು ಒಂದು ಅಡಿ ಇಳಿದರೆ ಹಲವು ಕೊಡ ನೀರು ಹೋಗಿರುತ್ತದೆ. ಪೈಪಿಗೆ ನಿಲ್ಲಿಸಿದ ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹತ್ತು ಅಡಿ ಇಳಿದರೂ ಹೋದದ್ದು ಒಂದು ಲೋಟ, ಬದಲಾದದ್ದು ಒತ್ತಡ.

ಈಗ ಆ ಗ್ರಾಮದ ಅಳತೆಗಳಿಗೆ ಮರಳೋಣ. ಕೊಳವೆ ಬಾವಿಯ 28 ಮೀಟರ್ ಏರಿಕೆಯು ಚದರ ಕಿಲೋಮೀಟರಿಗೆ 2,800 ಘನ ಮೀಟರ್ ನೀರನ್ನು ಸೂಚಿಸುತ್ತದೆ. ತೆರೆದ ಬಾವಿಯ 80 ಸೆಂಟಿಮೀಟರ್ ಏರಿಕೆಯು 16,000 ಘನ ಮೀಟರ್ ನೀರನ್ನು ಸೂಚಿಸುತ್ತದೆ. ಚಿಕ್ಕದಾಗಿ ಕಂಡ ಏರಿಕೆಯಲ್ಲಿಯೇ ಸುಮಾರು ಆರು ಪಟ್ಟು ಹೆಚ್ಚು ನೀರಿತ್ತು. ಆದರೆ ಉತ್ತಮ ವರ್ಷದ 4 ಮೀಟರ್ ಏರಿಕೆಯ 80,000 ಘನ ಮೀಟರಿಗೆ ಹೋಲಿಸಿದರೆ ಅದು ಐದನೆಯ ಒಂದು ಭಾಗ ಮಾತ್ರ.

ಹಾಗಾದರೆ ಕೊಳವೆ ಬಾವಿ ಅಷ್ಟು ಏರಿದ್ದೇಕೆ? ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ತುಂತುರು ಮಳೆ ಬಿಟ್ಟುಬಿಟ್ಟು ಬಂದುದರಿಂದ ಸುತ್ತಲಿನ ರೈತರು ಪಂಪ್‌ಸೆಟ್ ನಡೆಸಿರಲಿಲ್ಲ. ಸೆಳೆತ ನಿಂತೊಡನೆ ಬಿರುಕುಗಳಲ್ಲಿ ಒತ್ತಡ ಮರಳಿತು. ಆ ಮಳೆ ಮೇಲ್ಮಣ್ಣನ್ನು ನೆನೆಸಿತೇ ಹೊರತು ಆಳಕ್ಕೆ ಹೆಚ್ಚು ಇಳಿಯಲಿಲ್ಲ. ಡಿಸೆಂಬರಿನಲ್ಲಿ ಪಂಪ್‌ಸೆಟ್‌ಗಳು ಮತ್ತೆ ಆರಂಭವಾದಾಗ ಒತ್ತಡ ಬಂದಷ್ಟೇ ಬೇಗ ಕುಸಿಯಿತು. ಬಿರುಕುಗಳಿಗೆ ನೀರು ಇಳಿದು ಬರುವುದು ಮೇಲಿನ ಶಿಥಿಲ ಪದರದಿಂದಲೇ. ಆ ಪದರದಲ್ಲಿ ಸಂಗ್ರಹ ಕಡಿಮೆಯಿದ್ದಾಗ ಕೊಳವೆ ಬಾವಿಗೆ ಆಧಾರವಿರುವುದಿಲ್ಲ.

ಅಳತೆಯಿಂದ ನಿರ್ಧಾರಕ್ಕೆ

ಗ್ರಾಮದ ಜನಸಂಖ್ಯೆ 2,000 ಎಂದೂ, ತಲಾ ದಿನಕ್ಕೆ 55 ಲೀಟರ್ ಎಂದೂ ಹಿಡಿದರೆ ದಿನದ ಬೇಡಿಕೆ 110 ಘನ ಮೀಟರ್. ಒಂದು ಚದರ ಕಿಲೋಮೀಟರಿನಲ್ಲಿ ಆ ವರ್ಷ ಹೊಸದಾಗಿ ಸೇರಿದ 16,000 ಘನ ಮೀಟರ್ ನೀರು ಕುಡಿಯಲು ಮಾತ್ರ ಬಳಕೆಯಾದರೆ ಸುಮಾರು 145 ದಿನಗಳಿಗೆ ಸಾಕು. ಅಂದರೆ ನವೆಂಬರ್ ಆರಂಭದಿಂದ ಮಾರ್ಚ್ ಅಂತ್ಯದವರೆಗೆ. ಅದೇ ನೀರನ್ನು ಬೇಸಿಗೆ ಭತ್ತಕ್ಕೆ ಹರಿಸಿದರೆ, ಒಂದು ಬೆಳೆಗೆ ಸುಮಾರು 1.2 ಮೀಟರ್ ಎತ್ತರದಷ್ಟು ನೀರು ಬೇಕೆಂಬ ಲೆಕ್ಕದಲ್ಲಿ, ಮೂರು ಎಕರೆಗೂ ತುಸು ಹೆಚ್ಚು ಪ್ರದೇಶಕ್ಕೆ ಅದು ಮುಗಿದುಹೋಗುತ್ತದೆ. ಈ ಎರಡು ಅಂಕಿಗಳನ್ನು ನವೆಂಬರ್ ಸಭೆಯಲ್ಲಿ ಗ್ರಾಮಸ್ಥರ ಮುಂದಿಟ್ಟಿದ್ದರೆ, ಬೇಸಿಗೆ ಬೆಳೆಯ ಬಗ್ಗೆ ರೈತರೊಡನೆ ಮಾತನಾಡಲು ನಮಗೆ ಕಾಲಾವಕಾಶ ಸಿಗುತ್ತಿತ್ತು. ಫೆಬ್ರವರಿಯಲ್ಲಿ ಆ ಅವಕಾಶ ಉಳಿದಿರಲಿಲ್ಲ.

ಈ ಲೆಕ್ಕಕ್ಕೆ ಮಿತಿಗಳೂ ಇವೆ. ಶೇ. 2 ಎಂಬುದು ಅಂದಾಜು. ನೆಲ ಬದಲಾದಂತೆ ಅದು ಅರ್ಧವಾಗಬಹುದು ಅಥವಾ ಇಮ್ಮಡಿಯಾಗಬಹುದು. ಬಾವಿಯ ಏರಿಕೆಯೆಂದರೆ ಮಳೆಗಾಲದಲ್ಲಿ ಬಳಸಿದ ನೀರನ್ನು ಕಳೆದು ಉಳಿದದ್ದು. ಆದುದರಿಂದ ಒಟ್ಟು ಘನ ಮೀಟರಿಗಿಂತ, ಅದೇ ಬಾವಿಯ ಹಿಂದಿನ ವರ್ಷಗಳ ಏರಿಕೆಯೊಡನೆ ಮಾಡುವ ಹೋಲಿಕೆಯೇ ಹೆಚ್ಚು ನಂಬಲರ್ಹ. ಮೇ ತಿಂಗಳ ಅಳತೆಯನ್ನೂ ವರ್ಷದಿಂದ ವರ್ಷಕ್ಕೆ ನೋಡಬೇಕು. ನವೆಂಬರಿನ ಏರಿಕೆ ಚೆನ್ನಾಗಿದ್ದರೂ ಪ್ರತಿ ಮೇ ತಿಂಗಳ ಮಟ್ಟ ಹಿಂದಿನದಕ್ಕಿಂತ ಕೆಳಗಿಳಿಯುತ್ತಿದ್ದರೆ, ಸೇರುವುದಕ್ಕಿಂತ ತೆಗೆಯುವುದೇ ಹೆಚ್ಚಾಗಿದೆ ಎಂದು ತಿಳಿಯಬೇಕು.

ಅಳೆಯುವ ಕ್ರಮ

ಕೇಂದ್ರೀಯ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ಗ್ರಾಮ ಪಂಚಾಯತಿಯು ಪ್ರತಿ ತಿಂಗಳು ಒಂದೇ ದಿನಾಂಕದಂದು ಅಳೆಯುವುದು ಕಷ್ಟವಲ್ಲ. ಕನಿಷ್ಠ ಪಕ್ಷ ಮೇ ಮತ್ತು ನವೆಂಬರ್ ತಪ್ಪಬಾರದು.

ಗ್ರಾಮದ ಎತ್ತರದ ಭಾಗ, ನಡುಭಾಗ ಮತ್ತು ತಗ್ಗಿನಲ್ಲಿ ಒಂದೊಂದರಂತೆ, ಬಳಕೆ ಕಡಿಮೆಯಿರುವ ಮೂರು ತೆರೆದ ಬಾವಿಗಳನ್ನು ಆರಿಸಿಕೊಳ್ಳುವುದು. ಕೆರೆ ಅಥವಾ ಕಾಲುವೆಯ ಮಗ್ಗುಲಿನ ಬಾವಿ ಬೇಡ. ಅದು ಕೆರೆಯ ಮಟ್ಟವನ್ನೇ ಹೇಳುತ್ತದೆ. ತಳದಲ್ಲಿ ಬೋರ್ ಹಾಕಿರುವ ಬಾವಿಯೂ ಬೇಡ. ಅಲ್ಲಿ ಆಳದ ಒತ್ತಡ ಮತ್ತು ಮೇಲಿನ ಜಲಮಟ್ಟ ಬೆರೆತು, ಅಳತೆಯು ಎರಡನ್ನೂ ಸರಿಯಾಗಿ ತೋರಿಸುವುದಿಲ್ಲ.

ಕಟ್ಟೆಯ ಮೇಲೆ ಒಂದೆಡೆ ಬಣ್ಣದ ಗುರುತು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ತೂಕ ಕಟ್ಟಿದ ಟೇಪನ್ನು ಇಳಿಬಿಡಬೇಕು. ಟೇಪಿನ ಅಳತೆ 9.00 ಮೀಟರ್, ಕಟ್ಟೆಯ ಎತ್ತರ 0.90 ಮೀಟರ್ ಇದ್ದರೆ ನೆಲಮಟ್ಟದಿಂದ ಜಲಮಟ್ಟ 8.10 ಮೀಟರ್. ಕಟ್ಟೆಯ ಎತ್ತರವನ್ನು ಒಂದು ತಿಂಗಳು ಕಳೆದು ಮತ್ತೊಂದು ತಿಂಗಳು ಕಳೆಯದಿರುವುದೇ ನಮ್ಮ ವಹಿಗಳಲ್ಲಿ ಹೆಚ್ಚಾಗಿ ಕಂಡುಬರುವ ತಪ್ಪು. ನೀರು ಎತ್ತುವ ಬಾವಿಯಾದರೆ, ರಾತ್ರಿಯಿಡೀ ಪಂಪ್ ನಿಂತ ಬಳಿಕ ಬೆಳಗಿನ ಹೊತ್ತು ಅಳೆಯಬೇಕು. ಬಾವಿ ಒಣಗಿದ್ದರೆ ಸೊನ್ನೆ ಎಂದು ಬರೆಯಬಾರದು. ಸೊನ್ನೆ ಎಂದರೆ ನೀರು ನೆಲಮಟ್ಟದಲ್ಲಿದೆ ಎಂದಾಗುತ್ತದೆ. ‘ಒಣಗಿದೆ, ತಳ 10.6 ಮೀಟರ್’ ಎಂದು ಬರೆಯಬೇಕು. ಹೂಳು ತೆಗೆಸಿದ ಅಥವಾ ಆಳ ಮಾಡಿಸಿದ ದಿನಾಂಕವನ್ನೂ ನಮೂದಿಸಬೇಕು.

ಕೊಳವೆ ಬಾವಿಯ ಅಳತೆಯೂ ಅಗತ್ಯವೇ. ಪಂಪನ್ನು ಎಷ್ಟು ಆಳಕ್ಕೆ ಇಳಿಸಬೇಕು, ದಿನಕ್ಕೆ ಎಷ್ಟು ಗಂಟೆ ನಡೆಸಬಹುದು ಎಂಬುದನ್ನು ಅದು ತಿಳಿಸುತ್ತದೆ. ಆದರೆ ಅದನ್ನು ಪ್ರತ್ಯೇಕ ಪುಟದಲ್ಲಿ ಬರೆಯಬೇಕು, ತೆರೆದ ಬಾವಿಯ ಅಳತೆಯೊಡನೆ ಸೇರಿಸಿ ಸರಾಸರಿ ತೆಗೆಯಬಾರದು. ನೆಲದಲ್ಲಿ ಈ ವರ್ಷ ಎಷ್ಟು ನೀರು ಸೇರಿದೆ ಎಂಬ ಪ್ರಶ್ನೆ ಸಭೆಯಲ್ಲಿ ಬಂದಾಗ ಸದಸ್ಯರು ಕೇಳಬೇಕಾದುದು ತೆರೆದ ಬಾವಿಯ ಪುಟವನ್ನು.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ