ಎಲ್.ಇ.ಡಿ. ದೀಪಕ್ಕೆ ತಕ್ಕ ರೋಧಕ

ವಿದ್ಯುತ್ ಸಾಮಾನುಗಳ ಅಂಗಡಿಯಲ್ಲಿ ಕೆಲವೇ ರೂಪಾಯಿಗಳಿಗೆ ದೊರೆಯುವ ಕೆಂಪು ಎಲ್.ಇ.ಡಿ. ದೀಪವೊಂದನ್ನು ತಂದು, ಅದರ ಎರಡು ಕಾಲುಗಳನ್ನು 9 ವೋಲ್ಟಿನ ಬ್ಯಾಟರಿಗೆ ನೇರವಾಗಿ ಮುಟ್ಟಿಸಿದರೆ ಏನಾಗುತ್ತದೆ? ದೀಪವು ಒಂದು ಕ್ಷಣ ಕಣ್ಣು ಕೋರೈಸುವಂತೆ ಬೆಳಗುತ್ತದೆ. ಅದರ ಕೆಂಪು ಬಣ್ಣ ಕಿತ್ತಳೆಯ ಕಡೆಗೆ ತಿರುಗುತ್ತದೆ. ಬಳಿಕ ಅದು ಎಂದೆಂದಿಗೂ ಆರಿಹೋಗುತ್ತದೆ. ಅದೇ ದೀಪದೊಡನೆ ಸೂಕ್ತವಾದ ಒಂದು ರೋಧಕವನ್ನು ಸರಣಿಯಲ್ಲಿ ಜೋಡಿಸಿದ್ದರೆ ಅದು ಹಲವು ವರ್ಷಗಳ ಕಾಲ ಬೆಳಗಬಲ್ಲುದು. ಈ ‘ಸೂಕ್ತವಾದ’ ರೋಧಕವೆಂದರೆ ಯಾವುದು? ಅದನ್ನು ಆರಿಸುವ ಬಗೆ ಹೇಗೆ? ಓಮನ ನಿಯಮವನ್ನು ಬಲ್ಲ ವಿದ್ಯಾರ್ಥಿಗೆ ಇದನ್ನು ತಿಳಿಯುವುದು ಕಷ್ಟವೇನೂ ಅಲ್ಲ.

ತಂತಿಯ ದೀಪಕ್ಕೂ ಇದಕ್ಕೂ ಇರುವ ಭೇದ

ಹಳೆಯ ಬಗೆಯ ಟಾರ್ಚ್ ಬಲ್ಬಿನಲ್ಲಿ ಬೆಳಗುವುದು ಒಂದು ಲೋಹದ ತಂತಿ. ಪ್ರವಾಹ ಹೆಚ್ಚಿದಂತೆ ತಂತಿ ಕಾಯುತ್ತದೆ; ಕಾದಂತೆ ಅದರ ರೋಧ ಏರುತ್ತದೆ. ಹೀಗೆ ಏರಿದ ರೋಧವು ಪ್ರವಾಹವನ್ನು ತಾನೇ ತಡೆಯುವುದರಿಂದ, ಅಂತಹ ಬಲ್ಬಿಗೆ ಬೇರೊಂದು ರೋಧಕ ಬೇಕಾಗುವುದಿಲ್ಲ.

ಎಲ್.ಇ.ಡಿ.ಯಲ್ಲಿ ತಂತಿಯಿಲ್ಲ, ಅರೆವಾಹಕದ ಒಂದು ಸಣ್ಣ ಹರಳಿದೆ. ಇದರ ನಡತೆಯೇ ಬೇರೆ. ಸಾಮಾನ್ಯವಾದ ಒಂದು ಕೆಂಪು ದೀಪಕ್ಕೆ 1.5 ವೋಲ್ಟ್ ಕೊಟ್ಟಾಗ ಅದರಲ್ಲಿ ಪ್ರವಾಹ ಹರಿಯುವುದಿಲ್ಲವೆಂದೇ ಹೇಳಬಹುದು. 1.8 ವೋಲ್ಟಿನ ಸುಮಾರಿಗೆ ಒಂದೆರಡು ಮಿಲಿಆಂಪಿಯರ್ ಹರಿದು ಮಂದವಾದ ಬೆಳಕು ಕಾಣುತ್ತದೆ. 2.0 ವೋಲ್ಟಿಗೆ ಬರುವಷ್ಟರಲ್ಲಿ ಪ್ರವಾಹವು 10 ಮಿಲಿಆಂಪಿಯರನ್ನು ಮುಟ್ಟಬಹುದು. ವಿಭವಾಂತರ ಹೆಚ್ಚಿದ್ದು ಒಂದು ವೋಲ್ಟಿನ ಐದನೆಯ ಒಂದು ಭಾಗ ಮಾತ್ರ. ಪ್ರವಾಹ ಹೆಚ್ಚಿದ್ದಾದರೋ ಹಲವು ಪಟ್ಟು. ಇದಲ್ಲದೆ ಹರಳು ಕಾದಂತೆಲ್ಲಾ ಅದೇ ಪ್ರವಾಹಕ್ಕೆ ಬೇಕಾದ ವಿಭವಾಂತರ ಇಳಿಯುತ್ತದೆ. ಆದ್ದರಿಂದ ವಿಭವಾಂತರವನ್ನು ಬದಲಿಸದೆ ಇಟ್ಟರೂ, ಕಾದ ಹರಳಿನಲ್ಲಿ ಪ್ರವಾಹ ಮತ್ತಷ್ಟು ಹೆಚ್ಚುತ್ತದೆ, ಹೆಚ್ಚಿದ ಪ್ರವಾಹ ಹರಳನ್ನು ಮತ್ತಷ್ಟು ಕಾಯಿಸುತ್ತದೆ. ತಂತಿಯ ದೀಪವು ತನ್ನನ್ನು ತಾನು ತಡೆದುಕೊಳ್ಳುತ್ತದೆ, ಎಲ್.ಇ.ಡಿ. ತಡೆದುಕೊಳ್ಳಲಾರದು. ಆ ತಡೆಯನ್ನು ನಾವು ಹೊರಗಿನಿಂದ ಒದಗಿಸಬೇಕು.

ಉಳಿದ ವಿಭವಾಂತರದ ಲೆಕ್ಕ

ದೀಪವು ಹಿತಮಿತವಾಗಿ ಬೆಳಗುತ್ತಿರುವಾಗ ಅದರ ಎರಡು ತುದಿಗಳ ನಡುವೆ ಇರುವ ವಿಭವಾಂತರವನ್ನು ಅದರ ಮುಮ್ಮುಖ ವಿಭವಾಂತರವೆನ್ನುತ್ತಾರೆ. ಇದು ಬಣ್ಣಕ್ಕೆ ತಕ್ಕಂತೆ ಬೇರೆಯಾಗಿರುತ್ತದೆ. ಕೆಂಪು ದೀಪಕ್ಕೆ ಇದು ಸುಮಾರು 2 ವೋಲ್ಟ್. ನೀಲಿ ಹಾಗೂ ಬಿಳಿ ದೀಪಗಳಿಗೆ ಸುಮಾರು 3 ವೋಲ್ಟ್. ನೀಲಿ ಬೆಳಕಿನ ಒಂದೊಂದು ಕಣವೂ ಕೆಂಪು ಬೆಳಕಿನ ಕಣಕ್ಕಿಂತ ಹೆಚ್ಚು ಶಕ್ತಿಯುಳ್ಳದ್ದಾಗಿರುವುದರಿಂದ, ಅದನ್ನು ಹುಟ್ಟಿಸಲು ಇಲೆಕ್ಟ್ರಾನಿಗೂ ಹೆಚ್ಚು ಶಕ್ತಿಯನ್ನು ಕೊಡಬೇಕಾಗುತ್ತದೆ. ಬಿಳಿಯ ದೀಪವೆಂದು ನಾವು ಕೊಳ್ಳುವುದೂ ಸಾಮಾನ್ಯವಾಗಿ ಹಳದಿ ಬೆಳಕನ್ನು ಕೊಡುವ ಲೇಪವುಳ್ಳ ನೀಲಿ ದೀಪವೇ. ಆದ್ದರಿಂದಲೇ ಅವೆರಡರ ವಿಭವಾಂತರ ಒಂದೇ ಬಗೆಯಾಗಿದೆ.

ಸರಣಿಯಲ್ಲಿ ಜೋಡಿಸಿದಾಗ ಬ್ಯಾಟರಿಯ ವಿಭವಾಂತರದಲ್ಲಿ ದೀಪವು ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಉಳಿದುದೆಲ್ಲವೂ ರೋಧಕದ ಪಾಲಿಗೆ ಬರುತ್ತದೆ. ಎರಡರಲ್ಲಿಯೂ ಹರಿಯುವ ಪ್ರವಾಹ ಒಂದೇ. ಆದುದರಿಂದ ಓಮನ ನಿಯಮವನ್ನು ರೋಧಕಕ್ಕೆ ಮಾತ್ರ ಅನ್ವಯಿಸಿದರೆ ಸಾಕು:

R = (V − Vf) ÷ I

ಇಲ್ಲಿ V ಎಂಬುದು ಬ್ಯಾಟರಿಯ ವಿಭವಾಂತರ, Vf ದೀಪದ ಮುಮ್ಮುಖ ವಿಭವಾಂತರ, I ನಮಗೆ ಬೇಕಾದ ಪ್ರವಾಹ.

ನಮ್ಮ 9 ವೋಲ್ಟಿನ ಬ್ಯಾಟರಿಯನ್ನೇ ತೆಗೆದುಕೊಳ್ಳೋಣ. ಕೆಂಪು ದೀಪದ ಪಾಲು 2 ವೋಲ್ಟ್. ಉಳಿಯುವುದು 7 ವೋಲ್ಟ್. ಪ್ರವಾಹ 10 ಮಿಲಿಆಂಪಿಯರ್, ಎಂದರೆ 0.01 ಆಂಪಿಯರ್, ಇರಲೆಂದು ಬಯಸಿದರೆ ರೋಧವು 7 ÷ 0.01 = 700 ಓಮ್ ಆಗಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ ರೋಧಕಗಳ ಸಾಲಿನಲ್ಲಿ 700 ಓಮ್ ಇಲ್ಲ; ಅದಕ್ಕೆ ಸಮೀಪದ್ದು 680 ಓಮ್. ಅದರ ಮೈಮೇಲೆ ನೀಲಿ, ಬೂದು, ಕಂದು ಪಟ್ಟೆಗಳು ಈ ಕ್ರಮದಲ್ಲಿರುತ್ತವೆ. ಇದನ್ನು ಹಾಕಿದರೆ ಪ್ರವಾಹವು 7 ÷ 680, ಎಂದರೆ ಸುಮಾರು 10.3 ಮಿಲಿಆಂಪಿಯರ್ ಆಗುತ್ತದೆ. ಈ ಅಲ್ಪ ವ್ಯತ್ಯಾಸವನ್ನು ಕಣ್ಣು ಗುರುತಿಸಲಾರದು.

ರೋಧಕವು ಕಾಯ್ದು ಕೆಡುವುದೋ ಎಂಬುದನ್ನೂ ನೋಡಬೇಕು. ಅದರಲ್ಲಿ ವ್ಯಯವಾಗುವ ಸಾಮರ್ಥ್ಯ 7 × 0.0103, ಎಂದರೆ ಸುಮಾರು 0.07 ವ್ಯಾಟ್. ಎಲ್ಲೆಡೆಯೂ ದೊರೆಯುವ ಕಾಲು ವ್ಯಾಟಿನ ರೋಧಕವು ಇದನ್ನು ಸುಲಭವಾಗಿ ತಾಳಬಲ್ಲುದು.

ಬೆಳಕು ಎಷ್ಟು ಬೇಕು?

ಮೇಲಿನ ಲೆಕ್ಕದಲ್ಲಿ 10 ಮಿಲಿಆಂಪಿಯರನ್ನು ನಾವು ಬಯಸಿದೆವು. ಈ ಆಯ್ಕೆ ನಮ್ಮ ಕೈಯಲ್ಲಿದೆ. 5 ಮಿಲಿಮೀಟರ್ ಗಾತ್ರದ ಸಾಮಾನ್ಯ ದೀಪಗಳಿಗೆ 20 ಮಿಲಿಆಂಪಿಯರ್ ಎಂದು ಬರೆದಿರುವುದುಂಟು. ಅದನ್ನು ಕಂಡು ಅಷ್ಟು ಪ್ರವಾಹವನ್ನು ಕೊಡಲೇಬೇಕೆಂದು ಅನೇಕರು ಭಾವಿಸುತ್ತಾರೆ. ಆದರೆ ಪ್ರವಾಹ ಕಡಮೆಯಾದರೆ ದೀಪಕ್ಕೆ ಕೇಡಿಲ್ಲ. ಬೆಳಕು ಕಡಮೆಯಾಗುತ್ತದೆ, ಅಷ್ಟೆ.

ಆ ಕಡಮೆಯೂ ನಾವು ಎಣಿಸುವಷ್ಟು ತೋರುವುದಿಲ್ಲ. ದೀಪವು ಹೊರಸೂಸುವ ಬೆಳಕು ಸ್ಥೂಲವಾಗಿ ಪ್ರವಾಹದ ಅನುಪಾತದಲ್ಲಿಯೇ ಇರುತ್ತದೆ. ನಮ್ಮ ಕಣ್ಣಾದರೋ ಹಾಗಲ್ಲ. ಅರ್ಧದಷ್ಟು ಬೆಳಕು ಅದಕ್ಕೆ ಅರ್ಧದಷ್ಟೇ ಪ್ರಖರವಾಗಿ ಕಾಣುವುದಿಲ್ಲ, ಅದಕ್ಕಿಂತ ಹೆಚ್ಚಾಗಿಯೇ ಕಾಣುತ್ತದೆ. ಯಂತ್ರವೊಂದು ಚಾಲನೆಯಲ್ಲಿದೆಯೆಂದು ಮೇಜಿನ ಮೇಲೆ ಸೂಚಿಸುವ ದೀಪಕ್ಕೆ ಇಂದಿನ ಉತ್ತಮ ಎಲ್.ಇ.ಡಿ.ಗಳಲ್ಲಿ 2 ಮಿಲಿಆಂಪಿಯರ್ ಸಾಕು. ಅದಕ್ಕೆ ಬೇಕಾದ ರೋಧ 7 ÷ 0.002 = 3500 ಓಮ್; ಅಂಗಡಿಯಲ್ಲಿ 3300 ಓಮ್‌ನದು ದೊರೆಯುತ್ತದೆ. 10ರ ಬದಲು 2 ಮಿಲಿಆಂಪಿಯರನ್ನು ಬಳಸಿದರೆ ಬ್ಯಾಟರಿಯು ಸುಮಾರು ಐದು ಪಟ್ಟು ಹೆಚ್ಚು ಕಾಲ ಬಾಳುತ್ತದೆ. ಆದ್ದರಿಂದ ಮೊದಲು ದೊಡ್ಡ ರೋಧಕವನ್ನು ಹಾಕಿ ನೋಡಿ, ಬೆಳಕು ಸಾಲದೆ ಬಂದರೆ ರೋಧವನ್ನು ಇಳಿಸುತ್ತ ಹೋಗುವುದು ಜಾಣತನ. ಬಿಸಿಲಿನಲ್ಲಿ ಕಾಣಬೇಕಾದ ದೀಪಕ್ಕೆ ಮಾತ್ರ ಗರಿಷ್ಠ ಮಿತಿಯ ಸಮೀಪಕ್ಕೆ ಹೋಗಬೇಕಾದೀತು.

ಉಳಿಕೆ ಕಿರಿದಾದರೆ ಬರುವ ತೊಡಕು

ಈಗ ಅದೇ ಕೆಂಪು ದೀಪವನ್ನು 1.5 ವೋಲ್ಟಿನ ಎರಡು ಸೆಲ್ಲುಗಳಿಂದ, ಎಂದರೆ 3 ವೋಲ್ಟಿನಿಂದ, ಬೆಳಗಿಸೋಣ. ಉಳಿಕೆ 1 ವೋಲ್ಟ್. 10 ಮಿಲಿಆಂಪಿಯರಿಗೆ ಬೇಕಾದ ರೋಧ 100 ಓಮ್. ಲೆಕ್ಕ ಸರಿಯಾಗಿಯೇ ಇದೆ. ದೀಪವೂ ಮೊದಲಿನಷ್ಟೇ ಬೆಳಗುತ್ತದೆ. ಆದರೆ ಸೆಲ್ಲುಗಳು ಬಳಸಿದಂತೆ ಇಳಿಯುತ್ತವೆ. ಒಂದೊಂದು ಸೆಲ್ಲೂ 1.2 ವೋಲ್ಟಿಗೆ ಇಳಿಯಿತೆನ್ನೋಣ. ಒಟ್ಟು 2.4 ವೋಲ್ಟ್; ಉಳಿಕೆ 0.4 ವೋಲ್ಟ್, ಪ್ರವಾಹ ಸ್ಥೂಲವಾಗಿ 4 ಮಿಲಿಆಂಪಿಯರ್. ಸೆಲ್ಲು ಐದನೆಯ ಒಂದು ಭಾಗ ಇಳಿದರೆ ಪ್ರವಾಹ ಅರ್ಧಕ್ಕಿಂತಲೂ ಕಡಮೆಯಾಯಿತು!

9 ವೋಲ್ಟಿನ ಬ್ಯಾಟರಿಯೂ ಐದನೆಯ ಒಂದು ಭಾಗ ಇಳಿದು 7.2 ವೋಲ್ಟ್ ಆದರೆ, ಉಳಿಕೆ 5.2 ವೋಲ್ಟ್, 680 ಓಮಿನಲ್ಲಿ ಪ್ರವಾಹ ಸುಮಾರು 7.6 ಮಿಲಿಆಂಪಿಯರ್. ದೀಪ ಮಂಕಾದುದು ನೋಡುವವನಿಗೆ ಅಷ್ಟಾಗಿ ತಿಳಿಯುವುದಿಲ್ಲ. ಒಂದೇ ಪೆಟ್ಟಿಗೆಯಿಂದ ತೆಗೆದ ದೀಪಗಳಲ್ಲಿಯೂ ಮುಮ್ಮುಖ ವಿಭವಾಂತರ ಒಂದೆರಡು ದಶಾಂಶ ಹೆಚ್ಚು ಕಡಮೆ ಇರುವುದುಂಟು. ಆ ವ್ಯತ್ಯಾಸವನ್ನೂ ದೊಡ್ಡ ಉಳಿಕೆ ನುಂಗಿಕೊಳ್ಳುತ್ತದೆ. ಸಣ್ಣ ಉಳಿಕೆ ಎತ್ತಿ ತೋರಿಸುತ್ತದೆ. ಇನ್ನು 3 ವೋಲ್ಟಿನ ಸೆಲ್ಲುಗಳಿಂದ ಬಿಳಿಯ ದೀಪವನ್ನು ಬೆಳಗಿಸಹೊರಟರೆ ಉಳಿಕೆಯೇ ಇಲ್ಲ. ಅಲ್ಲಿ ಸೂತ್ರವು ಸೊನ್ನೆಯನ್ನು ಕೊಡುತ್ತದೆ. ರೋಧಕ ಬೇಡವೆಂದು ಅದರ ಅರ್ಥವಲ್ಲ, ಆ ಬ್ಯಾಟರಿ ಆ ದೀಪಕ್ಕೆ ತಕ್ಕದ್ದಲ್ಲವೆಂದು ಅರ್ಥ.

ಆದರೆ ದೊಡ್ಡ ಉಳಿಕೆಗೆ ಬೆಲೆಯನ್ನೂ ತೆರಬೇಕು. 9 ವೋಲ್ಟಿನಲ್ಲಿ 7 ವೋಲ್ಟ್ ರೋಧಕದ ಪಾಲಾದರೆ, ಬ್ಯಾಟರಿಯ ಶಕ್ತಿಯಲ್ಲಿ ಒಂಬತ್ತಕ್ಕೆ ಏಳು ಪಾಲು ಬರಿಯ ಶಾಖವಾಗಿ ಹೋಗುತ್ತದೆ. ಎರಡು ಕೆಂಪು ದೀಪಗಳನ್ನು ಸರಣಿಯಲ್ಲಿ ಜೋಡಿಸಿದರೆ ಉಳಿಕೆ 5 ವೋಲ್ಟ್. 470 ಓಮಿನ ರೋಧಕದಿಂದ ಅದೇ ಸುಮಾರು 10 ಮಿಲಿಆಂಪಿಯರಿನಲ್ಲಿ ಎರಡೂ ಬೆಳಗುತ್ತವೆ. ಇದು ನಡುವಣ ಒಳ್ಳೆಯ ದಾರಿ. ಒಂದೇ ರೋಧಕಕ್ಕೆ ಎರಡು ದೀಪಗಳನ್ನು ಸಮಾಂತರವಾಗಿ ಜೋಡಿಸುವುದು ಮಾತ್ರ ತರವಲ್ಲ. ಯಾವುದರ ವಿಭವಾಂತರ ಕೊಂಚ ಕಡಮೆಯೋ ಅದು ಪ್ರವಾಹದ ಹೆಚ್ಚಿನ ಪಾಲನ್ನು ಸೆಳೆದುಕೊಳ್ಳುತ್ತದೆ.

ಅಳೆದು ನೋಡುವ ಬಗೆ

ಜೋಡಿಸುವಾಗ ದೀಪದ ಉದ್ದವಾದ ಕಾಲು ಬ್ಯಾಟರಿಯ ಧನ ತುದಿಯ ಕಡೆಗಿರಬೇಕು. ರೋಧಕವು ದೀಪದ ಯಾವ ಬದಿಯಲ್ಲಿದ್ದರೂ ಸರಿಯೇ. ದೀಪ ಬೆಳಗಿದ ಮೇಲೆ ಮಲ್ಟಿಮೀಟರನ್ನು ವೋಲ್ಟಿನ ಅಳತೆಗೆ ತಿರುಗಿಸಿ, ಅದರ ಎರಡು ಕಡ್ಡಿಗಳನ್ನು ರೋಧಕದ ಎರಡು ತುದಿಗಳಿಗೆ ಮುಟ್ಟಿಸಬೇಕು. ಬಂದ ಸಂಖ್ಯೆಯನ್ನು ರೋಧದಿಂದ ಭಾಗಿಸಿದರೆ, ಮಂಡಲವನ್ನು ಎಲ್ಲಿಯೂ ಕಡಿಯದೆಯೇ ಪ್ರವಾಹ ತಿಳಿದುಬರುತ್ತದೆ. ನಮ್ಮ ಉದಾಹರಣೆಯಲ್ಲಿ 7 ವೋಲ್ಟಿನ ಸಮೀಪದ ಸಂಖ್ಯೆ ಬರಬೇಕು.

ದೀಪ ಬೆಳಗದಿದ್ದರೂ ಈ ಅಳತೆಯೇ ಕಾರಣವನ್ನು ಹೇಳುತ್ತದೆ. ಸೊನ್ನೆ ಬಂದರೆ ಪ್ರವಾಹವೇ ಇಲ್ಲ: ದೀಪ ತಲೆಕೆಳಗಾಗಿರಬೇಕು, ಸುಟ್ಟಿರಬೇಕು, ಅಥವಾ ಎಲ್ಲಿಯೋ ತಂತಿ ಬಿಟ್ಟಿರಬೇಕು. ತಲೆಕೆಳಗಾದ ದೀಪವನ್ನು ಬೇಗನೆ ತಿರುಗಿಸುವುದು ಲೇಸು; ಬಹುಪಾಲು ದೀಪಗಳು ಹಿಮ್ಮುಖವಾಗಿ ಸುಮಾರು 5 ವೋಲ್ಟಿನವರೆಗೆ ಮಾತ್ರ ತಾಳಬಲ್ಲುವು. ರೋಧಕದ ಮೇಲೆ ಪೂರ್ತಿ 9 ವೋಲ್ಟ್ ಬಂದರೆ ದೀಪದ ಎರಡು ಕಾಲುಗಳು ಒಂದನ್ನೊಂದು ಮುಟ್ಟಿವೆ, ಇಲ್ಲವೇ ದೀಪದ ಒಳಗೇ ಹಾಗಾಗಿದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಮನೆಯ ಗೋಡೆಯಲ್ಲಿ ಬರುವ 230 ವೋಲ್ಟಿನ ವಿದ್ಯುತ್ತಿಗೆ ಈ ಲೆಕ್ಕವನ್ನು ಎಂದಿಗೂ ಅನ್ವಯಿಸಕೂಡದು. ಅದರ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. 10 ಮಿಲಿಆಂಪಿಯರಿಗೂ ರೋಧಕದಲ್ಲಿ ಎರಡು ವ್ಯಾಟಿಗೆ ಮೀರಿದ ಶಾಖ ಹುಟ್ಟುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಅಲ್ಲಿ ಬರಿಯ ತಂತಿಯನ್ನು ಮುಟ್ಟಿದ ಕೈಗೆ ಪ್ರಾಣಾಪಾಯವಿದೆ. ಬ್ಯಾಟರಿಯ ಮೇಲೆ ಕಲಿಯುವವನು ತಪ್ಪಿದರೆ ಹೋಗುವುದು ಒಂದು ದೀಪ ಮಾತ್ರ.